ಆರು ಹೆಜ್ಜೆ ದೂರದ ಇಸ್ತ್ರಿ ಗಾಡಿ

2024 ಆಗಸ್ಟ್ 18, ಭಾನುವಾರ
ಸರಸ್ವತಿಪುರಂ, ಮೈಸೂರು

ಬೆಳಿಗ್ಗೆ ಕಾಫಿ ಮುಗಿಸಿ, ನಡುಮನೆಯ ಕೆಂಪು ಗಾರೆ ನೆಲವನ್ನು ಒರೆಸಿಕೊಂಡು, ಅಂಚೆಕಾರ್ಡಿನಷ್ಟು ದೊಡ್ಡದಾದ 26 ಪ್ರಿಂಟುಗಳನ್ನು ಸಾಲಾಗಿ ಹರಡಿದೆ. ಇಪ್ಪತ್ತಾರೂ ಇಸ್ತ್ರಿ ಗಾಡಿಗಳೇ. ಕಳೆದ ವರ್ಷದ ಜೂನ್‌ನಿಂದ ಈಚೆಗೆ ನಮ್ಮ ಬಡಾವಣೆಯಲ್ಲಿ ಮತ್ತು ಪಕ್ಕದ ಕುವೆಂಪುನಗರದಲ್ಲಿ ನಡೆದಾಡಿ ತೆಗೆದವು. ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದಾಗಿ ನೋಡುವಾಗ ಕಾಣದಿದ್ದ ತಪ್ಪುಗಳೆಲ್ಲ ನೆಲದ ಮೇಲೆ ಒಟ್ಟಿಗೆ ಕಂಡವು. ಕಾಣದಿದ್ದ ಒಂದು ಸಂಗತಿಯೂ ಕಂಡಿತು.

ಇದಕ್ಕೆ ಮೊದಲು ಹತ್ತು ಹನ್ನೊಂದು ವರ್ಷ ನಾನು ತೆಗೆದ ಚಿತ್ರಗಳು ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಂಡಿವೆ. ಚಾಮುಂಡಿ ಬೆಟ್ಟದ ಮೇಲಿನ ಮಂಜು, ದೇವರಾಜ ಮಾರುಕಟ್ಟೆಯ ಕುಂಕುಮದ ಗುಡ್ಡೆಗಳು, ದೀಪ ಹಚ್ಚಿದ ಅರಮನೆ, ಕುಕ್ಕರಹಳ್ಳಿ ಕೆರೆಯ ಮೇಲಿನ ಸೂರ್ಯಾಸ್ತ. ಅವುಗಳಲ್ಲಿ ಕೆಲವು ಚೆನ್ನಾಗಿಯೇ ಇವೆ. ಆದರೆ ಯಾವ ಎರಡನ್ನು ಪಕ್ಕಪಕ್ಕ ಇಟ್ಟರೂ ಅವು ಒಂದಕ್ಕೊಂದು ಮಾತನಾಡುವುದಿಲ್ಲ. ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರಂತೆ ಇರುತ್ತವೆ. ಇದರಿಂದ ಬೇಸತ್ತು ಒಂದು ಸರಣಿ ಮಾಡಬೇಕೆಂದು ಹೊರಟಾಗ ನಾನು ಮೊದಲು ಆರಿಸಿಕೊಂಡ ವಸ್ತು 'ಹಳೆಯ ಮೈಸೂರು'. ನಾಲ್ಕು ತಿಂಗಳಲ್ಲಿ ಅದು ಕೈಕೊಟ್ಟಿತು. ಹೆಂಚಿನ ಮನೆ, ಟಾಂಗಾ, ಮಲ್ಲಿಗೆ ಕಟ್ಟುವ ಅಜ್ಜಿ, ಬಣ್ಣ ಹೋದ ಬಾಗಿಲು, ಎಲ್ಲವೂ ಅದರೊಳಗೆ ಸಲ್ಲುತ್ತಿದ್ದವು. ಯಾವುದನ್ನು ತೆಗೆಯಬಾರದೆಂದು ಹೇಳದ ವಸ್ತು ಕೇವಲ ಶೀರ್ಷಿಕೆಯಷ್ಟೇ ಎಂಬುದು ತಿಳಿಯಲು ಅಷ್ಟು ಕಾಲ ಬೇಕಾಯಿತು. ಆಮೇಲೆ 'ಬೀದಿ ಬದಿಯ ಕಸುಬುಗಳು' ಎಂದು ಕಿರಿದುಗೊಳಿಸಿದೆ; ಅದೂ ಚಪ್ಪಲಿ ಹೊಲಿಯುವವರಿಂದ ಹಿಡಿದು ಎಳನೀರಿನವರವರೆಗೆ ಹಿಗ್ಗುತ್ತಾ ಹೋಯಿತು.

ಇಸ್ತ್ರಿ ಗಾಡಿಗೆ ಬಂದು ನಿಂತದ್ದು ಸೌಂದರ್ಯದ ಕಾರಣಕ್ಕಲ್ಲ, ಲೆಕ್ಕಾಚಾರದ ಕಾರಣಕ್ಕೆ. ಕಚೇರಿಗೆ ಹೋಗುವ ಮುನ್ನ ಸಿಗುವ ಒಂದು ಗಂಟೆಯಲ್ಲಿ ಕಾಲ್ನಡಿಗೆಯಲ್ಲೇ ತಲುಪಬಹುದು. ಒಂದೆರಡಲ್ಲ, ಹತ್ತಾರು ಇವೆ. ಎಲ್ಲವೂ ಒಂದೇ ಕೆಲಸಕ್ಕೆಂದು ಮಾಡಿದವಾದ್ದರಿಂದ ಮೈಕಟ್ಟು ಒಂದೇ. ಹಲಗೆ, ನಾಲ್ಕು ಗಾಲಿ, ಮೇಲೊಂದು ತಗಡಿನ ಅಥವಾ ತಾಡಪಾಲಿನ ಮಾಡು. ಆದರೂ ಒಂದರಂತೆ ಇನ್ನೊಂದಿಲ್ಲ. ಜರ್ಮನಿಯ ಬೆಷರ್ ದಂಪತಿ, ಬರ್ನ್ಡ್ ಮತ್ತು ಹಿಲ್ಲಾ, 1959ರಿಂದ ದಶಕಗಳ ಕಾಲ ನೀರಿನ ಗೋಪುರಗಳು, ಊದು ಕುಲುಮೆಗಳು, ಅನಿಲದ ತೊಟ್ಟಿಗಳನ್ನು ತೆಗೆದದ್ದು ಇದೇ ಬಗೆಯಲ್ಲಿ. ಮೋಡ ಮುಸುಕಿದ ಆಕಾಶ, ನೇರ ಎದುರು ನೋಟ, ನೆರಳಿನ ಆಟವಿಲ್ಲ. ಆಮೇಲೆ ಒಂದೇ ಜಾತಿಯವುಗಳನ್ನು ಚೌಕಳಿಯಲ್ಲಿ ಜೋಡಿಸಿ ತೋರಿಸುವುದು. ಎಲ್ಲವನ್ನೂ ಒಂದೇ ರೀತಿ ಹಿಡಿದಾಗ, ಉಳಿಯುವ ವ್ಯತ್ಯಾಸ ಛಾಯಾಗ್ರಾಹಕನದಲ್ಲ, ವಸ್ತುವಿನದೇ ಎಂಬುದು ಅವರ ಕೆಲಸದಿಂದ ನಾನು ಎರವಲು ಪಡೆದ ಒಂದೇ ಪಾಠ.

ಎರವಲು ಪಡೆದೆನೇ ಹೊರತು ಮೊದಲ ಎರಡು ತಿಂಗಳು ಪಾಲಿಸಲಿಲ್ಲ. ಕೈಯಲ್ಲಿ ಜೂಮ್ ಲೆನ್ಸ್ ಇತ್ತು. ಹತ್ತಿರ ಹೋಗಲು ಸಂಕೋಚವಾದ ಕಡೆ ದೂರದಿಂದ ಎಳೆದುಕೊಂಡೆ, ರಸ್ತೆ ಕಿರಿದಾದ ಕಡೆ ಹತ್ತಿರ ನಿಂತು ಅಗಲಿಸಿಕೊಂಡೆ. ಎರಡರಲ್ಲೂ ಗಾಡಿ ಚೌಕಟ್ಟಿನಲ್ಲಿ ಅಷ್ಟೇ ದೊಡ್ಡದಾಗಿ ಕಂಡಿತು; ಆದರೆ ದೂರದಿಂದ ತೆಗೆದದ್ದರಲ್ಲಿ ಹಿಂದಿನ ಕಾಂಪೌಂಡ್ ಗೋಡೆ ಗಾಡಿಗೆ ಅಂಟಿಕೊಂಡಂತೆ, ಹತ್ತಿರದಿಂದ ತೆಗೆದದ್ದರಲ್ಲಿ ಅದೇ ಗೋಡೆ ಎಲ್ಲೋ ಹಿಂದೆ ಸರಿದಂತೆ ಬಂದಿತ್ತು. ಹಿನ್ನೆಲೆಯ ಈ ಸಂಬಂಧವನ್ನು ನಿರ್ಧರಿಸುವುದು ಲೆನ್ಸಲ್ಲ, ನಾವು ನಿಂತ ದೂರ. ಆದ್ದರಿಂದ ದೂರವನ್ನೇ ಕಟ್ಟಿಹಾಕಬೇಕಾಯಿತು. ಆಗಸ್ಟ್‌ನಲ್ಲಿ ಜೂಮನ್ನು ಕಪಾಟಿಗೆ ಸೇರಿಸಿ, 35 ಮಿಲಿಮೀಟರಿನ ಲೆನ್ಸೊಂದನ್ನೇ ಉಳಿಸಿಕೊಂಡೆ. ನನ್ನ ಕ್ಯಾಮೆರಾದ ಸೆನ್ಸರ್ ಎಪಿಎಸ್-ಸಿ ಅಳತೆಯದು, ಹಳೆಯ ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದು. ಅದರಲ್ಲಿ ಈ ಲೆನ್ಸಿನಿಂದ 15 ಅಡಿ ದೂರದಲ್ಲಿ ನಿಂತರೆ ಸುಮಾರು 10 ಅಡಿ ಅಗಲ, ಆರೂವರೆ ಅಡಿಗಿಂತ ತುಸು ಹೆಚ್ಚು ಎತ್ತರದ ಜಾಗ ಚೌಕಟ್ಟಿನೊಳಗೆ ಬರುತ್ತದೆ. ಐದಡಿಯ ಗಾಡಿ, ಅದರ ಹಿಂದೆ ನಿಂತವರ ತಲೆ, ಬದಿಯಲ್ಲಿ ಮರದ ಬುಡ, ಇಷ್ಟಕ್ಕೆ ಅದು ಸರಿಯಾಗಿ ಸಾಕು. ಹದಿನೈದು ಅಡಿ ಎಂದರೆ ನನ್ನ ಆರು ಹೆಜ್ಜೆ. ಗಾಡಿಯ ಮುಂದಿನ ಗಾಲಿಯಿಂದ ಹಿಮ್ಮುಖವಾಗಿ ಆರು ಹೆಜ್ಜೆ ಎಣಿಸಿ, ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೆ ಹಿಡಿದು, ಮಾಡಿನ ಕಂಬಗಳು ನೆಟ್ಟಗೆ ಕಾಣುವಂತೆ ನೋಡಿಕೊಂಡು ತೆಗೆಯುತ್ತೇನೆ. ಹಿಂದಿನ ಒಂಬತ್ತು ಗಾಡಿಗಳನ್ನು ಹೊಸದಾಗಿ ತೆಗೆಯಬೇಕಾಯಿತು. ಆರು ಹೆಜ್ಜೆ ಹಿಂದೆ ಸರಿಯಲು ಜಾಗವಿಲ್ಲದ ಓಣಿಗಳಲ್ಲಿರುವ ಗಾಡಿಗಳು ಈ ಸರಣಿಯಲ್ಲಿ ಇಲ್ಲವೇ ಇಲ್ಲ. ಅದು ನಷ್ಟವೇ. ಆದರೆ ಅವಕ್ಕಾಗಿ ನಿಯಮ ಸಡಿಲಿಸಿದರೆ ಉಳಿದವೂ ಕೆಡುತ್ತವೆ.

ಬೆಳಕಿನದು ಇನ್ನೊಂದು ತಲೆನೋವು. ಬಿಸಿಲಿನ ದಿನ ಮರದಡಿಯ ಗಾಡಿಯ ಮೇಲೆ ಎಲೆಗಳ ಸಂದಿಯಿಂದ ಬಿದ್ದ ಬೆಳಕು ಚುಕ್ಕೆಚುಕ್ಕೆಯಾಗಿ ಮುಖವನ್ನೂ ಬಟ್ಟೆಯನ್ನೂ ಒಡೆದುಹಾಕುತ್ತದೆ. ಹಿಂದಿನ ರಸ್ತೆ ಬೆಳ್ಳಗೆ ಸುಟ್ಟುಹೋಗುತ್ತದೆ. ಆದ್ದರಿಂದ ಮೋಡದ ದಿನ, ಬೆಳಿಗ್ಗೆ ಏಳೂವರೆಯಿಂದ ಒಂಬತ್ತರೊಳಗೆ ಮಾತ್ರ ಎಂದು ಗೊತ್ತುಮಾಡಿಕೊಂಡೆ. ಮೈಸೂರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಅಂಥ ಬೆಳಗುಗಳಿಗೆ ಕೊರತೆಯಿಲ್ಲ, ಫೆಬ್ರುವರಿ ಮಾರ್ಚ್‌ನಲ್ಲಿ ಸುಮ್ಮನೆ ಕಾಯಬೇಕು. ಮರದಡಿಯ ಮಂಕು ಬೆಳಕಿನಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/8ಕ್ಕೆ ಕಿರಿದುಮಾಡಿದರೆ, ಸೆನ್ಸರಿನ ಸೂಕ್ಷ್ಮತೆಯನ್ನು ಐಎಸ್‌ಒ 800ಕ್ಕೆ ಏರಿಸಿದಾಗ ಕೈನಡುಗದಷ್ಟು ವೇಗದ ಶಟರ್ ಸಿಗುತ್ತದೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು ಕ್ಯಾಮೆರಾಕ್ಕೆ ಬಿಟ್ಟುಕೊಟ್ಟರೆ ಗೋಡೆಯ ಬಣ್ಣ, ಬಟ್ಟೆಯ ಬಣ್ಣ ನೋಡಿ ಅದು ಪ್ರತಿ ಚಿತ್ರಕ್ಕೂ ಬೇರೆ ತೀರ್ಮಾನ ಮಾಡುತ್ತದೆ. ಮೋಡದ ಗುರುತಿಗೆ ಕಟ್ಟಿಹಾಕಿದರೆ ಎಲೆಗಳ ಹಸಿರು ಛಾಯೆ ಬಂದರೂ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಬಗೆಯಾಗಿ ಬರುತ್ತದೆ, ತಿದ್ದುವುದು ಸುಲಭ.

ಜನರ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೂ ಬರೆದಿಡಬೇಕು. ಏಳನೆಯ ಗಾಡಿಯ ಎದುರು ಆರು ಹೆಜ್ಜೆ ಎಣಿಸುತ್ತಿದ್ದಾಗ ಆಕೆ ಇಸ್ತ್ರಿ ಪೆಟ್ಟಿಗೆಯನ್ನು ಹಲಗೆಯ ಮೇಲೆ ಕುಕ್ಕಿ, "ಏನ್ ಸರ್, ಅಳತೆ ತಗೋತಿದೀರಾ? ಗಾಡಿ ಎತ್ತಿಸೋಕೆ ಬಂದೋರಾ?" ಎಂದು ಕೇಳಿದರು. ಫುಟ್‌ಪಾತಿನ ಮೇಲೆ ಬದುಕುವವರಿಗೆ ಹೆಜ್ಜೆ ಎಣಿಸುವ ಮನುಷ್ಯ ಹೇಗೆ ಕಾಣುತ್ತಾನೆಂದು ನಾನು ಯೋಚಿಸಿರಲೇ ಇಲ್ಲ. ಅಂದಿನಿಂದ ಮೊದಲ ಭೇಟಿಗೆ ಕ್ಯಾಮೆರಾ ಒಯ್ಯುವುದಿಲ್ಲ; ನಾಲ್ಕು ಶರಟು ಒಯ್ಯುತ್ತೇನೆ. ಎರಡನೆಯ ಸಲ ಕೇಳಿ ತೆಗೆಯುತ್ತೇನೆ, ಮೂರನೆಯ ಸಲ ಪ್ರಿಂಟು ಕೊಡುತ್ತೇನೆ. ಇಬ್ಬರು ಬೇಡವೆಂದರು, ಅವರ ಗಾಡಿಗಳು ಇಲ್ಲಿಲ್ಲ. ಆ ಏಳನೆಯವರೇ ಪ್ರಿಂಟು ನೋಡಿ, "ನನ್ನ ಮುಖಕ್ಕಿಂತ ಇಟ್ಟಿಗೆನೇ ಚೆನ್ನಾಗಿ ಬಂದಿದೆ" ಎಂದು ನಕ್ಕರು.

ಆ ಮಾತನ್ನು ಆಗ ತಮಾಷೆಯೆಂದು ಬಿಟ್ಟಿದ್ದೆ. ಇವತ್ತು ನೆಲದ ಮೇಲಿನ ಸಾಲುಗಳನ್ನು ನೋಡುತ್ತಿದ್ದಂತೆ ಕಣ್ಣು ತಾನಾಗಿ ಪ್ರತಿ ಚಿತ್ರದ ಕೆಳ ಅಂಚಿಗೆ ಇಳಿಯಿತು. ಬಹುಪಾಲು ಗಾಡಿಗಳ ಗಾಲಿಗಳ ಕೆಳಗೆ ಇಟ್ಟಿಗೆಯಿದೆ. ಕೆಲವದರಲ್ಲಿ ಟೈರು ಗಾಳಿ ಹೋಗಿ ಬಿರುಕುಬಿಟ್ಟಿದೆ. ಒಂದರ ಗಾಲಿ ಅರ್ಧ ಮಣ್ಣಿನಲ್ಲಿ ಹೂತಿದೆ. ಇನ್ನೊಂದರ ಕಡ್ಡಿಗಳ ನಡುವೆ ತುಂಬೆಗಿಡ ಬೆಳೆದು ಹೂ ಬಿಟ್ಟಿದೆ. ಮಾಡಿನ ಹಗ್ಗ ಹೊಂಗೆಮರದ ಕೊಂಬೆಗೆ ಕಟ್ಟಿದ್ದು, ಕೊಂಬೆ ದಪ್ಪವಾಗುತ್ತಾ ಹಗ್ಗವನ್ನು ತೊಗಟೆಯೊಳಗೆ ನುಂಗಿಕೊಂಡಿದೆ. ಇದ್ದಿಲು ಬಿಟ್ಟು ಗ್ಯಾಸಿನ ಪೆಟ್ಟಿಗೆಗೆ ಬದಲಾಯಿಸಿಕೊಂಡವರ ಗಾಡಿಯ ಅಡಿಯಲ್ಲಿ, ಹಿಂದೆ ಬೂದಿ ರಾಶಿಯಿದ್ದ ಜಾಗದಲ್ಲಿ, ಸಿಲಿಂಡರ್ ಕೂತಿದೆ. ಅಂದರೆ ನಾನು ಹದಿನಾಲ್ಕು ತಿಂಗಳಿಂದ ತೆಗೆಯುತ್ತಿರುವುದು ಓಡಾಡಲೆಂದು ಗಾಲಿ ಪಡೆದು, ಓಡಾಡುವುದನ್ನು ಮರೆತು ನಿಂತ ಗಾಡಿಗಳನ್ನು. ಒಂದು ಗಾಡಿಯ ಚಿತ್ರದಲ್ಲಿ ಇದು ಒಂದು ವಿವರವಷ್ಟೆ. ಇಪ್ಪತ್ತಾರರಲ್ಲಿ ಮರಳಿ ಮರಳಿ ಬಂದಾಗ ಸರಣಿಯ ಪ್ರಶ್ನೆಯಾಗುತ್ತದೆ. ಇಷ್ಟು ದಿನ ಬಟ್ಟೆಯ ರಾಶಿಯನ್ನು ಮಧ್ಯಕ್ಕೆ ತರುತ್ತಾ ಕೆಲವು ಕಡೆ ಗಾಲಿಯನ್ನು ಕತ್ತರಿಸಿದ್ದೇನೆ. ಅಂಥವು ಆರು. ಅವನ್ನು ಪಕ್ಕಕ್ಕಿಟ್ಟೆ.

ಅವುಗಳ ಜೊತೆಗೆ ಪಕ್ಕಕ್ಕಿಡಬೇಕಾಗಿ ಬಂದ ಇನ್ನೊಂದು ಚಿತ್ರಕ್ಕೆ ಮಾತ್ರ ಹೊಟ್ಟೆ ಉರಿಯಿತು. ಹನ್ನೆರಡನೆಯ ಗಾಡಿ: ಇದ್ದಿಲಿನ ಹೊಗೆಯಲ್ಲಿ ಓರೆಬಿಸಿಲು ಕೋಲಾಗಿ ಇಳಿದಿದೆ, ಲೋಟದಿಂದ ಚಿಮುಕಿಸಿದ ನೀರಿನ ಹನಿಗಳು ಗಾಳಿಯಲ್ಲೇ ಹೊಳೆಯುತ್ತಿವೆ. ಇಡೀ ಗುಂಪಿನಲ್ಲಿ ಅದೇ ಸುಂದರ. ಆದರೆ ಅದನ್ನು ಸಾಲಿನಲ್ಲಿಟ್ಟ ಕೂಡಲೇ ಉಳಿದವೆಲ್ಲ ಅದಕ್ಕಿಂತ ಕಳಪೆ ಚಿತ್ರಗಳಾಗಿ ಕಾಣುತ್ತವೆ, ತೆಗೆದ ಕೂಡಲೇ ಮತ್ತೆ ಗಾಡಿಗಳಾಗುತ್ತವೆ. ಮೂರು ಸಲ ಇಟ್ಟು ತೆಗೆದು ನೋಡಿದೆ. ಉಳಿದದ್ದು 19.

ಇನ್ನು ಹದಿನೇಳನೆಯದು. ಹೋದ ತಿಂಗಳು ಅದರ ಪಕ್ಕದ ಹೊಂಗೆಮರವನ್ನು ಕಡಿದರು. ಗಾಡಿ ಅಲ್ಲೇ ಇದೆ. ನೆರಳಿಗೆ ನೀಲಿ ತಾಡಪಾಲು ಬಂದಿದೆ. ಇಲ್ಲಿ ಬೆಷರ್ ದಂಪತಿಯ ಬಗೆ ಸಾಲದು, ಒಂದನ್ನೇ ಕಾಲದುದ್ದಕ್ಕೆ ಹಿಂಬಾಲಿಸುವ ಬಗೆ ಬೇಕು. ಅಮೆರಿಕದ ನಿಕೊಲಸ್ ನಿಕ್ಸನ್ 1975ರಿಂದ ತಮ್ಮ ಪತ್ನಿಯನ್ನೂ ಆಕೆಯ ಮೂವರು ಸಹೋದರಿಯರನ್ನೂ ವರ್ಷಕ್ಕೊಂದು ಚಿತ್ರದಂತೆ, ನಾಲ್ವರೂ ಎಡದಿಂದ ಬಲಕ್ಕೆ ಅದೇ ಕ್ರಮದಲ್ಲಿ ನಿಂತಂತೆ, ನಾಲ್ಕು ದಶಕಕ್ಕೂ ಮೀರಿ ತೆಗೆದರು. ಕ್ರಮ ಬದಲಾಗದ್ದರಿಂದಲೇ ಅಲ್ಲಿ ವಯಸ್ಸು ಕಾಣುತ್ತದೆ. ನನ್ನ ಗಾಡಿಯ ವಿಷಯದಲ್ಲಿ ಬದಲಾಗಬಾರದ್ದು ನಾನು ನಿಲ್ಲುವ ಜಾಗ, ಮತ್ತು ಅದಕ್ಕೆ ಆರು ಹೆಜ್ಜೆಯ ಅಂದಾಜು ಸಾಲದು. ಮೊನ್ನೆ ಹಳೆಯ ಚಿತ್ರವನ್ನು ಫೋನಿನಲ್ಲಿ ಹಿಡಿದು ಹೋಗಿ ನೋಡಿದೆ. ಹಳೆಯದರಲ್ಲಿ ಮಾಡಿನ ಬಲಗಂಬ ಹಿಂದಿನ ಮನೆಯ ಗೇಟಿನ ಮೂರನೆಯ ಸರಳನ್ನು ಸರಿಯಾಗಿ ಮುಚ್ಚಿತ್ತು. ಈಗ ಎರಡನೆಯ ಸರಳು ಮುಚ್ಚಿತು. ಒಂದು ಗೇಣು ಪಕ್ಕಕ್ಕೆ ಸರಿದೊಡನೆ ಮೂರನೆಯದಕ್ಕೆ ಬಂತು. ಹತ್ತಿರದ್ದೊಂದು ದೂರದ್ದೊಂದನ್ನು ಎಲ್ಲಿ ಮುಚ್ಚುತ್ತದೆಂದು ನೋಡುವ ಈ ಉಪಾಯ ಗಾಡಿ ಕದಲದಿದ್ದರೆ ಮಾತ್ರ ನಡೆಯುತ್ತದೆ, ಇಟ್ಟಿಗೆಗಳ ಪುಣ್ಯದಿಂದ ಅದು ಕದಲಿಲ್ಲ. ನಿಂತ ಜಾಗದ ಚರಂಡಿ ಚಪ್ಪಡಿಯ ಅಂಚಿಗೆ ಸೀಮೆಸುಣ್ಣದಲ್ಲಿ ಗೀಟೆಳೆದು ಬಂದಿದ್ದೆ.

ಅವತ್ತು ಚಿತ್ರ ತೆಗೆಯಲಾಗಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಹಲಗೆಯ ಮೇಲೆ ರೇಷ್ಮೆ ಸೀರೆಗಳು ಎದೆಯ ಮಟ್ಟಕ್ಕೆ ಏರಿದ್ದವು. ಸೀರೆಯ ಮೇಲೆ ತೆಳು ಪಂಚೆ ಹಾಸಿ ಪೆಟ್ಟಿಗೆ ಜಾರಿಸುತ್ತಿದ್ದ ಅಕ್ಕ ತಲೆಯೆತ್ತದೆ, "ಸೋಮವಾರ ಬನ್ನಿ ಸರ್, ಇವತ್ತು ಕೈ ಖಾಲಿ ಇಲ್ಲ" ಎಂದರು. ಈಗ ರಾತ್ರಿ ಹತ್ತಾಗಿದೆ, ಹೊರಗೆ ಸಣ್ಣಗೆ ಮಳೆ ಹಿಡಿದಿದೆ. ಸೀಮೆಸುಣ್ಣದ ಗೀಟು ಅಳಿಸಿಹೋಗಿರುತ್ತದೆ. ಗೇಟಿನ ಮೂರನೆಯ ಸರಳು ಇದ್ದೇ ಇದೆ. ಹಳೆಯ ಪ್ರಿಂಟನ್ನು ಅವರಿಗೆ ಕೊಡಲೆಂದು ಶರಟುಗಳ ಗಂಟಿನ ಮೇಲೆ ಇಟ್ಟಿದ್ದೇನೆ.