ಅಭ್ಯಾಸದ ಸಂಖ್ಯೆ ಮುಚ್ಚಿದ ಮೇಲೆ

ಪ್ರಿಪರೇಟರಿ ಪರೀಕ್ಷೆಯ ಅಂಕಗಳು ಬಂದ ವಾರದ ಭಾನುವಾರ ಬೆಳಿಗ್ಗೆ ದ್ವಿತೀಯ ಪಿಯುಸಿ ಹುಡುಗಿಯೊಬ್ಬಳು ತನ್ನ ಗಣಿತದ ನೋಟ್‌ಬುಕ್‌ಗಳನ್ನೆಲ್ಲ ಹೊತ್ತು ಬಂದಳು. ಇಂಟಿಗ್ರೇಷನ್ ಪಾಠದ ಪ್ರಶ್ನೆಗಳಲ್ಲೇ ಅವಳ ಬಹುಪಾಲು ಅಂಕ ಹೋಗಿತ್ತು. ನೋಟ್‌ಬುಕ್ ತೆರೆದರೆ ಬೇರೆಯೇ ಚಿತ್ರ: ಅಭ್ಯಾಸ 7.2ರಿಂದ 7.6ರವರೆಗಿನ ಲೆಕ್ಕಗಳೆಲ್ಲ ಎರಡೆರಡು ಸಲ ಮಾಡಿದ್ದಳು, ಬಹುತೇಕ ಎಲ್ಲಕ್ಕೂ ಸರಿ ಗುರುತು.

"ಮನೇಲಿ ಎಲ್ಲಾ ಬರುತ್ತೆ ಮೇಡಂ. ಅಲ್ಲಿ ಕೂತ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ" ಎಂದಳು. ಜೊತೆಗೆ ಬಂದಿದ್ದ ಅವಳ ತಾಯಿ, "ಟೆನ್ಶನ್ ಮಾಡ್ಕೋತಾಳೆ, ಅದಕ್ಕೇ ಹೀಗಾಗೋದು" ಎಂದರು. ಟೆನ್ಶನ್ ಇದ್ದಿರಬಹುದು. ಆದರೆ 'ಎಲ್ಲಿಂದ ಶುರು ಮಾಡಬೇಕು ಗೊತ್ತಾಗಲ್ಲ' ಎಂಬ ಮಾತಿನಲ್ಲಿಯೇ ಕಾರಣವಿತ್ತು. ಮನೆಯಲ್ಲಿ ಎಲ್ಲಿಂದ ಶುರು ಮಾಡಬೇಕೆಂಬುದನ್ನು ಅವಳು ಒಮ್ಮೆಯೂ ಯೋಚಿಸಬೇಕಾಗಿ ಬಂದಿರಲಿಲ್ಲ. ಅದನ್ನು ಪುಸ್ತಕವೇ ಹೇಳಿಬಿಡುತ್ತಿತ್ತು.

ಪಿಯುಸಿ ಪಠ್ಯಪುಸ್ತಕದಲ್ಲಿ 7.2 ಎಂದರೆ ಸಬ್‌ಸ್ಟಿಟ್ಯೂಷನ್. 7.3ರಲ್ಲಿ ತ್ರಿಕೋನಮಿತಿಯ ಸೂತ್ರಗಳು, 7.4ರಲ್ಲಿ ವಿಶೇಷ ಫಂಕ್ಷನ್‌ಗಳ ಸೂತ್ರಗಳು, 7.5ರಲ್ಲಿ ಪಾರ್ಷಿಯಲ್ ಫ್ರ್ಯಾಕ್ಷನ್, 7.6ರಲ್ಲಿ ಬೈ ಪಾರ್ಟ್ಸ್. 7.5ರ ಪುಟ ತೆರೆದು ಕೂತವಳಿಗೆ ಅಲ್ಲಿನ ಪ್ರತಿ ಲೆಕ್ಕವೂ ಪಾರ್ಷಿಯಲ್ ಫ್ರ್ಯಾಕ್ಷನ್ನೇ ಎಂದು ಮೊದಲೇ ಗೊತ್ತಿರುತ್ತದೆ. ಉಳಿಯುವುದು A, B ಕಂಡುಹಿಡಿಯುವ ಬೀಜಗಣಿತ ಮಾತ್ರ. ಪ್ರಶ್ನೆಪತ್ರಿಕೆಯಲ್ಲಾದರೋ ಲೆಕ್ಕದ ಮೇಲೆ ಅಭ್ಯಾಸದ ಸಂಖ್ಯೆ ಇರುವುದಿಲ್ಲ. ಇಂಟಿಗ್ರೇಷನ್‌ನಲ್ಲಿ ಅರ್ಧ ಕೆಲಸ ಯಾವ ವಿಧಾನ ಎಂದು ಗುರುತಿಸುವುದು. ಆ ಅರ್ಧವನ್ನು ಅವಳು ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ, ಮಾಡಿಲ್ಲವೆಂದು ತಿಳಿಯಲು ದಾರಿಯೂ ಇರಲಿಲ್ಲ, ಏಕೆಂದರೆ ನೋಟ್‌ಬುಕ್ ತುಂಬ ಸರಿ ಗುರುತುಗಳೇ ಇದ್ದವು.

ಹಾಗಾಗಿ ಆ ಬೆಳಿಗ್ಗೆ ಪಾಠ ಮಾಡಲಿಲ್ಲ. ಅವಳು ಈಗಾಗಲೇ ಮಾಡಿದ್ದ ಜಾತಿಯ ಹನ್ನೆರಡು ಲೆಕ್ಕಗಳನ್ನು ಅಂಗೈಯಗಲದ ಚೀಟಿಗಳಲ್ಲಿ ಬರೆದು ಒಂದು ಡಬ್ಬಿಯಲ್ಲಿ ಕಲಸಿಟ್ಟೆವು. ಯಾವುದೂ ಪಠ್ಯಕ್ಕಿಂತ ಕಠಿಣವಾದದ್ದಲ್ಲ. ಆದರೆ ನೋಡಲು ಒಂದೇ ಥರ ಇರುವ, ವಿಧಾನ ಮಾತ್ರ ಬೇರೆಯಾದ ಲೆಕ್ಕಗಳನ್ನೇ ಹುಡುಕಿ ಆರಿಸಿದ್ದು.

```
∫ x/(x²+4) dx        ∫ 1/(x²+4) dx
∫ x²/(x²+4) dx       ∫ 1/(x²−4) dx
∫ 1/(x²+4x+3) dx     ∫ 1/(x²+4x+5) dx
∫ x eˣ dx            ∫ x e^(x²) dx
∫ log x dx           ∫ (log x)/x dx
∫ sin²x dx           ∫ sin²x cos x dx
```

ಚೀಟಿ ತಿರುವುವ ಮೊದಲು ಅವಳಿಂದ ಒಂದು ಸಂಖ್ಯೆ ಬರೆಸಿಕೊಂಡೆ: ಹನ್ನೆರಡರಲ್ಲಿ ಎಷ್ಟಕ್ಕೆ ಸರಿಯಾದ ವಿಧಾನ ಹೇಳುತ್ತೀಯ? ಅವಳು 10 ಎಂದು ಬರೆದಳು. ಈ ಊಹೆ ಕಾಗದದ ಮೇಲೆ ಇರಲೇಬೇಕು. ಬರೆಯದಿದ್ದರೆ ಆಮೇಲೆ 'ನನಗೆ ಮೊದಲೇ ಅನುಮಾನ ಇತ್ತು' ಎಂದು ಮನಸ್ಸು ತಿದ್ದಿಕೊಳ್ಳುತ್ತದೆ, ತಯಾರಾಗಿದ್ದೇನೆಂಬ ಭಾವನೆಗೂ ನಿಜಕ್ಕೂ ಎಷ್ಟು ದೂರವಿತ್ತು ಎಂಬುದು ಅಳತೆಗೇ ಸಿಗುವುದಿಲ್ಲ.

ಮೊದಲ ಸುತ್ತಿನಲ್ಲಿ ಲೆಕ್ಕ ಬಿಡಿಸುವಂತಿರಲಿಲ್ಲ. ಒಂದು ಚೀಟಿಗೆ ಒಂದು ನಿಮಿಷ. ಆ ನಿಮಿಷದೊಳಗೆ ವಿಧಾನದ ಹೆಸರು, ಮೊದಲ ಸಾಲು, ಪಕ್ಕದಲ್ಲಿ 'ಖಚಿತ', 'ಅನುಮಾನ', 'ಗೊತ್ತಿಲ್ಲ' ಈ ಮೂರರಲ್ಲೊಂದು. ಪುಸ್ತಕ ಇನ್ನೊಂದು ಕೋಣೆಯಲ್ಲಿತ್ತು. ಮುಚ್ಚಿದ ಪುಸ್ತಕ ಮೇಜಿನ ಮೇಲಿದ್ದರೂ ಕೈ ಅತ್ತ ಹೋಗುತ್ತದೆ, ಅದರಲ್ಲೂ ಕೊನೆಯ ಪುಟಗಳ ಉತ್ತರಗಳ ಕಡೆಗೆ. ಉತ್ತರದಲ್ಲಿ tan⁻¹ ಕಂಡರೆ ಸಾಕು, ವಿಧಾನ ತಾನೇ ಹೊಳೆಯುತ್ತದೆ. ಹೀಗೆ ಉತ್ತರ ನೋಡಿ ಹಿಂದಿನಿಂದ ಹೆಜ್ಜೆ ಜೋಡಿಸಿದ ಲೆಕ್ಕಕ್ಕೂ ಮನೆಯಲ್ಲಿ ಸರಿ ಗುರುತೇ ಬಿದ್ದಿರುತ್ತದೆ.

ಹನ್ನೆರಡು ನಿಮಿಷಗಳ ಬಳಿಕ ಎಣಿಸಿದಾಗ ಸರಿಯಾದ ವಿಧಾನ ಸಿಕ್ಕಿದ್ದು ಆರಕ್ಕೆ. ಇದಕ್ಕಿಂತ ಹೆಚ್ಚು ಹೇಳಿದ್ದು ಪಕ್ಕದ ಗುರುತುಗಳು. ಎಂಟಕ್ಕೆ 'ಖಚಿತ' ಎಂದಿದ್ದಳು. ಅವುಗಳಲ್ಲಿ ಮೂರು ತಪ್ಪು. ಮೂರಕ್ಕೆ 'ಅನುಮಾನ', ಒಂದಕ್ಕೆ 'ಗೊತ್ತಿಲ್ಲ'. ಗೊತ್ತಿಲ್ಲ ಎಂದದ್ದು ∫ log x dx. ಬೈ ಪಾರ್ಟ್ಸ್‌ನಲ್ಲಿ 1 ಅನ್ನು ಎರಡನೇ ಫಂಕ್ಷನ್ ಎಂದು ತೆಗೆದುಕೊಳ್ಳಬೇಕೆಂಬುದು 7.6ರ ಪುಟದಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಒಂಟಿ ಚೀಟಿಯಲ್ಲಿ ಗೊತ್ತಾಗಲಿಲ್ಲ. ಇಂಥದ್ದರ ಬಗ್ಗೆ ಹೆಚ್ಚು ಚಿಂತೆಯಿಲ್ಲ. ಗೊತ್ತಿಲ್ಲವೆಂದು ಗೊತ್ತಿರುವುದನ್ನು ವಿದ್ಯಾರ್ಥಿ ತಾನೇ ಮತ್ತೆ ಓದುತ್ತಾನೆ. 'ಖಚಿತ' ಎಂದು ತಪ್ಪಿದ್ದನ್ನು ಮಾತ್ರ ಯಾರೂ ಮತ್ತೆ ಓದುವುದಿಲ್ಲ, ಪರೀಕ್ಷೆಯಲ್ಲಿ ಅದು ಅದೇ ರೂಪದಲ್ಲಿ ಮರಳಿ ಬರುತ್ತದೆ. ಆದ್ದರಿಂದ ಉಳಿದ ಬೆಳಿಗ್ಗೆಯೆಲ್ಲ ಆ ಮೂರು ಚೀಟಿಗಳಿಗೇ ಹೋಯಿತು.

ಮೊದಲನೆಯದು ∫ 1/(x²+4) dx. x²+4 = t ಎಂದು ಬರೆದು, log(x²+4) ಎಂಬ ಉತ್ತರದತ್ತ ಹೊರಟಿದ್ದಳು. ಇದು ತಪ್ಪು ಎಂದು ನಾನು ಹೇಳುವ ಅಗತ್ಯವೇ ಇರಲಿಲ್ಲ. ಇಂಟಿಗ್ರೇಷನ್‌ನಲ್ಲಿ ಪರೀಕ್ಷಕ ಲೆಕ್ಕದೊಳಗೇ ಇದ್ದಾನೆ: ಬಂದ ಉತ್ತರವನ್ನು ಡಿಫರೆನ್ಷಿಯೇಟ್ ಮಾಡಿದರೆ ಕೊಟ್ಟ ಫಂಕ್ಷನ್ ಮರಳಿ ಬರಬೇಕು. ಅವಳು ಮಾಡಿದಳು. 2x/(x²+4) ಬಂತು. ಮೇಲೊಂದು 2x ಹೆಚ್ಚಾಗಿದೆ. ಕೂಡಲೇ ಉತ್ತರವನ್ನು 2x ನಿಂದ ಭಾಗಿಸಿ log(x²+4)/(2x) ಎಂದು ಬರೆದು ತಲೆಯೆತ್ತಿದಳು. ತುಂಬ ಮಕ್ಕಳು ಇಲ್ಲೇ ಜಾರುತ್ತಾರೆ. "ಇದನ್ನೂ ಡಿಫರೆನ್ಷಿಯೇಟ್ ಮಾಡಿ ನೋಡಮ್ಮ" ಎಂದೆ. ಭಾಗಾಕಾರದ ನಿಯಮ ಹಾಕಿದಾಗ 1/(x²+4) ಜೊತೆಗೆ −log(x²+4)/(2x²) ಎಂಬ ಬಾಲವೂ ಬಂತು. ಸಂಖ್ಯೆಯಾದರೆ ಭಾಗಿಸಿ ಸರಿಪಡಿಸಬಹುದು, x ಇರುವ ಪದದಿಂದ ಆಗದು ಎಂಬುದನ್ನು ಅವಳೇ ತನ್ನ ಮಾತಿನಲ್ಲಿ ಹೇಳಿದಳು. ಛೇದದ ಡೆರಿವೇಟಿವ್ ಅಂಶದಲ್ಲಿ ಇದ್ದರೆ, ಅಥವಾ ಒಂದು ಸಂಖ್ಯೆಯಷ್ಟೇ ಕಡಿಮೆ ಇದ್ದರೆ, log. ಇಲ್ಲಿ ಅಂಶದಲ್ಲಿ x ಇಲ್ಲ. ಹಾಗಾಗಿ 7.4ರ ಸೂತ್ರ: (1/2) tan⁻¹(x/2) + C.

ಎರಡನೆಯದು ∫ x²/(x²+4) dx, ಇದಕ್ಕೂ ಸಬ್‌ಸ್ಟಿಟ್ಯೂಷನ್ ಎಂದಿದ್ದಳು. ಅಂಶದ ಘಾತ ಛೇದದಷ್ಟೇ ಅಥವಾ ಹೆಚ್ಚು ಇದ್ದರೆ ಮೊದಲು ಭಾಗಿಸಬೇಕು. ಭಾಗಿಸಿದರೆ 1 − 4/(x²+4), ಉತ್ತರ x − 2 tan⁻¹(x/2) + C. ಮೂರನೆಯದು ∫ x e^(x²) dx. x ಮತ್ತು e ಪಕ್ಕಪಕ್ಕ ಕಂಡದ್ದೇ ಬೈ ಪಾರ್ಟ್ಸ್ ಎಂದುಬಿಟ್ಟಳು, ಏಕೆಂದರೆ ∫ x eˣ dx ಎಷ್ಟೋ ಸಲ ಮಾಡಿದ್ದಾಳೆ. ಮಾಡಲು ಬಿಟ್ಟೆ. x ಅನ್ನು ಇಂಟಿಗ್ರೇಟ್ ಮಾಡಿದರೆ ಒಳಗೆ x³ e^(x²) ಬಂದು ಲೆಕ್ಕ ಇನ್ನೂ ದೊಡ್ಡದಾಗುತ್ತದೆ. e^(x²) ಅನ್ನು ಇಂಟಿಗ್ರೇಟ್ ಮಾಡಲು ನಮಗೆ ಗೊತ್ತಿರುವ ಯಾವ ಸೂತ್ರವೂ ಇಲ್ಲ. ಹೀಗೆ ಸಿಕ್ಕಿಕೊಂಡ ಮೇಲೆ ಘಾತದ ಕಡೆ ನೋಡಿದಳು: x² ನ ಡೆರಿವೇಟಿವ್ 2x, ಹೊರಗೆ x ಇದೆ. (1/2) e^(x²) + C ಎರಡೇ ಸಾಲಿನಲ್ಲಿ ಮುಗಿಯಿತು.

ಮೂರೂ ತಪ್ಪುಗಳ ಬೇರು ಒಂದೇ. ಲೆಕ್ಕದ ಹೊರರೂಪ ನೋಡಿ ಪರಿಚಯದ ಮುಖವೆಂದು ವಿಧಾನ ಆರಿಸಿದ್ದು. ಅಧ್ಯಾಯದ ಪ್ರಕಾರ ಅಭ್ಯಾಸ ಮಾಡಿದವರಿಗೆ ಈ ಪರಿಚಯ ತುಂಬ ಬೇಗ ಬೆಳೆಯುತ್ತದೆ, ಅದೇ ತಯಾರಿಯ ಭಾವನೆಯನ್ನೂ ಕೊಡುತ್ತದೆ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿದೆ. ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯಲು ಕಲಿಸಿದರು. ಒಂದು ಗುಂಪು ಒಂದು ಬಗೆಯದನ್ನು ಮುಗಿಸಿ ಇನ್ನೊಂದಕ್ಕೆ ಹೋಯಿತು, ಇನ್ನೊಂದು ಗುಂಪು ಎಲ್ಲವನ್ನೂ ಬೆರೆಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು ಶೇ. 89, ಬೆರೆಸಿದವರು ಶೇ. 60. ವಾರದ ನಂತರ ಪರೀಕ್ಷೆಯಲ್ಲಿ ಮೊದಲ ಗುಂಪು ಶೇ. 20ಕ್ಕೆ ಇಳಿಯಿತು, ಬೆರೆಸಿ ಮಾಡಿದವರು ಶೇ. 63ರಲ್ಲಿ ಉಳಿದರು. ಅವಳ ತಾಯಿಗೆ ಈ ನಾಲ್ಕು ಸಂಖ್ಯೆಗಳನ್ನು ಬರೆದು ತೋರಿಸಿದೆ, ಏಕೆಂದರೆ ಬೆರೆಸಿ ಮಾಡತೊಡಗಿದ ಮೊದಲ ವಾರ ಮಗಳ ಅಂಕ ಕುಸಿದಂತೆ ಕಾಣುತ್ತದೆ, ಮನೆಯವರು ಗಾಬರಿಯಾಗಿ ಹಳೆಯ ದಾರಿಗೆ ಮರಳಿಸುತ್ತಾರೆ. ಹಾಗೆಂದು ಹೊಸ ವಿಧಾನವನ್ನು ಕಲಿಯುವ ದಿನವೇ ಬೆರೆಸಬಾರದು. ಒಂದೇ ಬಗೆಯ ನಾಲ್ಕೈದು ಲೆಕ್ಕ ಮಾಡಿ ಕೈ ಕೂರಿಸಿಕೊಂಡ ಮೇಲೆಯೇ ಚೀಟಿಯ ಡಬ್ಬಿಗೆ ಹಾಕಬೇಕು.

ಮಧ್ಯಾಹ್ನ ಹೊರಡುವಾಗ, "ಈಗ ಮೂರೂ ಬಂತು ಮೇಡಂ, ಡಬ್ಬಿಯಿಂದ ತೆಗೆದುಬಿಡ್ಲಾ?" ಎಂದು ಕೇಳಿದಳು. ಬೇಡ ಎಂದೆ. ಹತ್ತು ನಿಮಿಷದ ಹಿಂದೆ ಬಿಡಿಸಿದ ಲೆಕ್ಕ ಮತ್ತೆ ಬರುವುದು ಆ ಹತ್ತು ನಿಮಿಷದ ನೆನಪಿನಿಂದ. ಅದನ್ನು ಕಲಿತದ್ದೆಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಚೀಟಿ ಡಬ್ಬಿಯಿಂದ ಹೊರಹೋಗಲು ನಾವು ಬರೆದುಕೊಂಡ ಶರತ್ತು ಹೀಗಿತ್ತು: ಎರಡು ಬೇರೆ ದಿನ, ನಡುವೆ ಕನಿಷ್ಠ ಮೂರು ದಿನದ ಅಂತರ, ಎರಡನೇ ಸಲ ಅದೇ ಲೆಕ್ಕವಲ್ಲ, ಅದೇ ವಿಧಾನದ ಇನ್ನೊಂದು ಲೆಕ್ಕ, ಒಂದು ನಿಮಿಷದಲ್ಲಿ ವಿಧಾನ, ಐದು ನಿಮಿಷದಲ್ಲಿ ಪೂರ್ತಿ ಉತ್ತರ, ಡಿಫರೆನ್ಷಿಯೇಟ್ ಮಾಡಿ ತಾಳೆ ನೋಡಿದ್ದು. ನಡುವೆ ಒಮ್ಮೆ ಪುಸ್ತಕ ಇಣುಕಿದರೂ ಆ ಸಲದ್ದು ಎಣಿಕೆಗಿಲ್ಲ. ಆದರೆ ಇಣುಕಿದ್ದು ಎಲ್ಲಿ ಎಂದು ಚೀಟಿಯ ಹಿಂದೆ ಬರೆಯಬೇಕು, ಏಕೆಂದರೆ ಕೊರತೆ ಇರುವುದು ಅದೇ ಸಾಲಿನಲ್ಲಿ. 'ಸಿಲ್ಲಿ ಮಿಸ್ಟೇಕ್' ಎಂದು ಬರೆಯುವಂತಿಲ್ಲ. 1/2 ಬಿಟ್ಟಿದ್ದರೆ 'dx ಬದಲಿಸುವಾಗ 1/2 ಬಿಟ್ಟೆ' ಎಂದೇ ಬರೆಯಬೇಕು. ಅದೇ ಮಾತು ಮೂರು ಚೀಟಿಗಳ ಹಿಂದೆ ಕಂಡರೆ ಅದು ಅಜಾಗರೂಕತೆಯಲ್ಲ, ಕಲಿಯದೆ ಉಳಿದ ಹೆಜ್ಜೆ.

ಈ ಡಬ್ಬಿಗೂ ಮಿತಿಯಿದೆ. ಪ್ರಮೇಯಗಳ ಸಾಧನೆಗೆ ಇದು ಸಾಲದು, ಅವನ್ನು ಖಾಲಿ ಹಾಳೆಯ ಮೇಲೆ ಬರೆದೇ ನೋಡಬೇಕು. ಡಿಫರೆನ್ಷಿಯೇಷನ್ನೇ ಗಟ್ಟಿಯಿಲ್ಲದವರಿಗೆ ತಾಳೆ ನೋಡುವುದೂ ತಪ್ಪು ತೀರ್ಪು ಕೊಡುತ್ತದೆ. ಮೂರು ಗಂಟೆ ಒಂದೇ ಸಮನೆ ಕೂತು ಬರೆಯುವ ಆಯಾಸ ಇದರಲ್ಲಿ ಗೊತ್ತಾಗುವುದಿಲ್ಲ.

ಮುಂದಿನ ಭಾನುವಾರ ಅವಳು ಹೊಸ ಹನ್ನೆರಡು ಚೀಟಿಗಳಿಗೆ ಕೂತಾಗ ಊಹೆಯ ಜಾಗದಲ್ಲಿ 8 ಎಂದು ಬರೆದಳು. ವಿಧಾನ ಸರಿಯಾದದ್ದು ಎಂಟಕ್ಕೇ. 'ಖಚಿತ' ಎಂದು ತಪ್ಪಿದ್ದು ಒಂದು, ∫ x³/(x²+1) dx: ಭಾಗಿಸುವುದನ್ನು ಮತ್ತೆ ಮರೆತು ನೇರವಾಗಿ log ಬರೆದಿದ್ದಳು. ಆ ಚೀಟಿಯ ಹಿಂದೆ 'ಮೊದಲು ಘಾತ ನೋಡಲಿಲ್ಲ' ಎಂದು ಬರೆದು, ಗುರುವಾರದ ದಿನಾಂಕ ಹಾಕಿ ಡಬ್ಬಿಗೆ ಹಾಕಿದಳು.