ಕೋಚಿಂಗ್ ಸೆಂಟರ್ ಪೋಸ್ಟ್‌ಗಳು: ನೆಗೆಟಿವ್ ಮಾರ್ಕ್ಸ್ ವಾರ ಸಿದ್ಧ

ವಿಜಯಪುರದಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಬ್ಯಾಚ್ ನಡೆಸುವ ಪರಿಚಯದ ಸರ್ ಒಬ್ಬರಿಗೆ ವಾಟ್ಸಾಪ್ ಪೋಸ್ಟ್ ಮಾಡಿಕೊಡುತ್ತಿದ್ದೇನೆ. ಮೊದಲ ವಾರದ್ದು ಈಗ ಒಂದು ಹಂತಕ್ಕೆ ಬಂದಿದೆ. ಆರು ಪೋಸ್ಟ್: ನಾಲ್ಕು ಟಿಪ್ಸ್, ಒಂದು ಧೈರ್ಯ ಹೇಳುವುದು, ಒಂದು ಅಡ್ಮಿಷನ್‌ದು. ನಾಲ್ಕೂ ಟಿಪ್ಸ್‌ಗೆ ಒಂದೇ ವಿಷಯ: ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಏನು ಮಾಡಬೇಕು?

ಸೋಮವಾರದ್ದು ಬರೀ ಲೆಕ್ಕ. ಸರಿಯಾದರೆ 1 ಅಂಕ, ತಪ್ಪಾದರೆ 0.25 ಕಟ್. 60 ಸರಿ, 24 ತಪ್ಪು, 16 ಖಾಲಿ ಬಿಟ್ಟವನಿಗೆ ಸಿಗುವುದು 54. ಆ 16ಕ್ಕೂ ಕಣ್ಣುಮುಚ್ಚಿ ಗೋಲ ತುಂಬಿದರೆ ಸರಾಸರಿ 4 ಸರಿ, 12 ತಪ್ಪು. ಬರುವ ಲಾಭ ಒಂದೇ ಅಂಕ, ಅದೃಷ್ಟ ಕೆಟ್ಟರೆ ಅದೂ ಇಲ್ಲ. ಅದೇ ಎರಡು ಆಯ್ಕೆ ಹೊಡೆದುಹಾಕಿ ಉಳಿದ ಎರಡರಲ್ಲಿ ಊಹಿಸಿದರೆ ಸುಮಾರು 8 ಸರಿ, 8 ತಪ್ಪು, ಅಂದರೆ 6 ಅಂಕ ಜಾಸ್ತಿ.

ಹೊಡೆದುಹಾಕುವುದು ಹೇಗೆ ಅನ್ನುವುದೇ ಮಂಗಳವಾರದ ಪೋಸ್ಟ್. ಉದಾಹರಣೆಗೆ ಮೊದಲು ಗೋಳಗುಮ್ಮಟ ಅಂದುಕೊಂಡೆ. ಆದರೆ ನಮ್ಮೂರ ಹುಡುಗರಿಗೆ ಅದು ಪ್ರಶ್ನೆಯೇ ಅಲ್ಲ ಬಿಡಿ. ಹಾಗಾಗಿ ಐಹೊಳೆ ಹಿಡಿದೆ. ರವಿಕೀರ್ತಿಯ ಶಾಸನ ಯಾರನ್ನು ಹೊಗಳುತ್ತದೆ? ಒಂದನೇ ಪುಲಕೇಶಿ, ಇಮ್ಮಡಿ ಪುಲಕೇಶಿ, ಅಮೋಘವರ್ಷ, ಕೃಷ್ಣದೇವರಾಯ. ಐಹೊಳೆ ಅಂದರೆ ಬಾದಾಮಿ ಚಾಲುಕ್ಯರು ಅಂತ ಗೊತ್ತಿದ್ದರೆ ಸಾಕು, ಕೊನೆಯ ಎರಡು ಹೋದವು. ಹರ್ಷನನ್ನು ತಡೆದ ಕಥೆ ನೆನಪಾದರೆ ಇಮ್ಮಡಿ ಪುಲಕೇಶಿ ಅಂತ ಊಹೆಯಿಲ್ಲದೇ ಬರೆಯಬಹುದು. ಬುಧವಾರ, ಗುರುವಾರ ಇದೇ ಥರ ಸಂವಿಧಾನ ಮತ್ತು ವಿಜ್ಞಾನದ ಪ್ರಶ್ನೆಗಳು.

ಶುಕ್ರವಾರದ ಧೈರ್ಯದ ಪೋಸ್ಟ್‌ಗೆ ಜಾಸ್ತಿ ಹೊತ್ತು ಹೋಯಿತು. "ನೀನು ಗೆದ್ದೇ ಗೆಲ್ಲುವೆ", ಹಿಂದೆ ಸೂರ್ಯೋದಯ: ಅಂಥದ್ದನ್ನು ಯಾರೂ ಓದುವುದಿಲ್ಲ. ಮತ್ತೆ ಆ 54ರ ಹುಡುಗನನ್ನೇ ತೆಗೆದುಕೊಂಡೆ. ಅವನ 24 ತಪ್ಪಿನಲ್ಲಿ 8 ಗೊತ್ತಿದ್ದೂ ತಪ್ಪಿದ್ದು, "ಯಾವುದು ಸರಿಯಲ್ಲ" ಅಂತ ಕೇಳಿದ್ದನ್ನು "ಯಾವುದು ಸರಿ" ಅಂತ ಓದಿದ್ದು ಅಂದುಕೊಳ್ಳಿ. ಅವು ಸರಿಯಾದರೆ 8 ಅಂಕ ಬಂತು, ಕಟ್ ಆಗಿದ್ದ 2 ವಾಪಸ್ ಬಂತು. ಹೊಸ ಪಾಠ ಒಂದೂ ಓದದೇ 64. ಕಡಿಮೆ ಅಂಕ ಬಂದವರಿಗೆ ಇದಕ್ಕಿಂತ ಧೈರ್ಯದ ಮಾತು ಬೇಕಾ?

ಶನಿವಾರ ಅಡ್ಮಿಷನ್. ಸರ್ ಅವರದ್ದು ಒಂದೇ ಹಟ: "ಪಾಸಾದವ್ರ ಫೋಟೊ ಹಾಕ್ರಿ, ಜನಾ ತಾವ ಬರ್ತಾರ."

"ಸರ್, ಅವ್ರು ಬರೆದು ಒಪ್ಪಿಗೆ ಕೊಟ್ಟಾರೇನ್ರಿ?" ಅಂದೆ.

2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಆಯ್ಕೆಯಾದ ಮೇಲೆ ಪಡೆದ ಲಿಖಿತ ಒಪ್ಪಿಗೆ ಇಲ್ಲದೇ ಫೋಟೊ ಹಾಕುವಂತಿಲ್ಲ. ಅವರು ಯಾವ ಕೋರ್ಸ್, ಎಷ್ಟು ದಿನ ಓದಿದರು, ಫೀ ಕೊಟ್ಟಿದ್ದರಾ ಅನ್ನುವುದನ್ನೂ ಹೇಳಬೇಕು. ಬರೀ ಮಾಕ್ ಟೆಸ್ಟ್‌ಗೆ ಬಂದವರನ್ನು "ನಮ್ಮ ವಿದ್ಯಾರ್ಥಿ" ಅಂತ ತೋರಿಸುವ ಚಾಳಿಗೆ ಇದರಿಂದ ಕಡಿವಾಣ. "ಆಯ್ಕೆ ಗ್ಯಾರಂಟಿ" ಅನ್ನುವ ಸಾಲನ್ನೂ ತೆಗೆಸಿದೆ.

ಬದಲಿಗೆ ಭಾನುವಾರದ ಉಚಿತ ಮಾಕ್ ಟೆಸ್ಟ್‌ಗೆ ಕರೆ, ಕೆಳಗೆ ಫೀ ಮತ್ತು ಬ್ಯಾಚ್ ಸಮಯ. ಟೆಸ್ಟ್ ಮುಗಿದ ಮೇಲೆ ಪ್ರತಿಯೊಬ್ಬರ ತಪ್ಪನ್ನೂ ಪ್ರಶ್ನೆ ತಪ್ಪಾಗಿ ಓದಿದ್ದು, ಊಹಿಸಿ ತಪ್ಪಿದ್ದು, ಗೊತ್ತೇ ಇಲ್ಲದ್ದು ಅಂತ ಬಿಡಿಸಿ ಕೊಡುತ್ತಾರಂತೆ. ಒಪ್ಪಿಗೆ ಪತ್ರದ ನಮೂನೆ ಬರೆಯುವುದು ಬಾಕಿ ಇದೆ. ಇಂಡಿ, ಸಿಂದಗಿಯಿಂದ ಬರುವವರಿಗೆ ಬಸ್ ಸಿಗುವ ಹಾಗೆ ಟೆಸ್ಟ್ ಹತ್ತೂವರೆಗೆ ಇಡಿ ಅಂತ ಹೇಳಿದ್ದೇನೆ, ಸರ್ ಇನ್ನೂ ಉತ್ತರ ಕೊಟ್ಟಿಲ್ಲ.