ಆರನೇ ತ್ರಿಕೋನ ಸೇರಿದರೆ ಮೂಲೆ ಏಳುವುದಿಲ್ಲ

ಎಲ್ಲ ಮುಖಗಳೂ ಒಂದೇ ಅಳತೆಯ ಸಮ ಬಹುಭುಜಗಳಾಗಿದ್ದು, ಪ್ರತಿ ಮೂಲೆಯಲ್ಲೂ ಅಷ್ಟಷ್ಟೇ ಮುಖ ಸೇರುವ, ಎಲ್ಲೂ ಒಳತಗ್ಗಿಲ್ಲದ ಮುಚ್ಚಿದ ಆಕೃತಿಗಳು ಐದೇ. ಯಾಕೆಂದು ನೋಡಲು ರಟ್ಟಿನಲ್ಲಿ ಒಂದೇ ಅಳತೆಯ ಸಮಬಾಹು ತ್ರಿಕೋನಗಳನ್ನು ಕತ್ತರಿಸಿ, ಒಂದು ಬಿಂದುವಿನ ಸುತ್ತ ಅಂಟಿಸುತ್ತ ಹೋಗಿ. ಒಂದೊಂದರ ಕೋನ 60 ಡಿಗ್ರಿ. ಐದು ಸೇರಿದರೆ 300. ಉಳಿದ 60 ಡಿಗ್ರಿಯ ಸಂದನ್ನು ಎಳೆದು ಮುಚ್ಚಿದಾಗಲೇ ರಟ್ಟು ಮೇಲೆದ್ದು ಶೃಂಗವಾಗುತ್ತದೆ. ಆರನೆಯದು ಬಂದರೆ 360 ತುಂಬಿ, ನೆಲದ ಟೈಲ್ಸಿನಂತೆ ಚಪ್ಪಟೆ. ಎರಡೇ ಆದರೆ ಒಳಗೆ ಜಾಗವೇ ಇಲ್ಲ. ಹಾಗಾಗಿ ಒಂದು ಮೂಲೆಗೆ ಮೂರು, ನಾಲ್ಕು ಇಲ್ಲವೇ ಐದು ಸೇರಬಹುದು; ತ್ರಿಕೋನದಿಂದ ಮೂರೇ ಆಕೃತಿ: 4, 8, 20 ಮುಖದವು.

ಚೌಕ ಮೂರು ಸೇರಿದರೆ 270, ಅದು ಘನ. ಪಂಚಭುಜದ ಕೋನ 108, ಮೂರಕ್ಕೆ 324, ಅದು 12 ಮುಖದ್ದು. ಷಡ್ಭುಜ ಮೂರಕ್ಕೇ 360 ಮುಟ್ಟಿ ಜೇನುಗೂಡಿನ ಹಾಗೆ ಹರಡಿಕೊಳ್ಳುತ್ತದೆ. ಅದರಾಚೆಯ ಬಹುಭುಜಗಳು ಮೂರು ಕೂಡಿದರೆ 360 ದಾಟುತ್ತವೆ.

ಈ ಲೆಕ್ಕ ಹೇಳುವುದು ಇಂಥ ಆಕೃತಿ ಐದಕ್ಕಿಂತ ಹೆಚ್ಚಿಲ್ಲ ಎಂದಷ್ಟೇ. ಐದೂ ನಿಜಕ್ಕೂ ಕೂಡಿ ಮುಚ್ಚಿಕೊಳ್ಳುತ್ತವೆ ಎಂಬುದನ್ನು ಬೇರೆಯಾಗಿ ಕಟ್ಟಿ ತೋರಿಸಬೇಕು. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ 13ನೇ ಪುಸ್ತಕದಲ್ಲಿ ಮೊದಲು ಆ ಕೆಲಸ ಮುಗಿಸಿ, ಆಮೇಲೆ ಕೋನಗಳ ಮಾತಿಗೆ ಬರುತ್ತಾನೆ.